ಗೂಡುದೀಪದ ಒಗಟು: ಚೀನೀ ಸಮಧ್ವನಿ ಚಮತ್ಕಾರವನ್ನು ಕನ್ನಡ ಓದುಗರಿಗೆ ವಿವರಿಸುವ ಬಗೆ

ಸಾರಾಂಶ

ಚೀನೀ ಹಬ್ಬದ ಗೂಡುದೀಪಗಳ ಮೇಲೆ ಬರೆಯುವ ಒಗಟುಗಳನ್ನು ಅನ್ಯಭಾಷಿಕರಿಗೆ ಪರಿಚಯಿಸುವಾಗ ಅವೆಲ್ಲವನ್ನೂ ‘ಸಮಧ್ವನಿ ಪದಗಳ ಆಟ’ ಎಂದು ಒಟ್ಟಾಗಿ ಕರೆಯುವುದುಂಟು. ಈ ಒಗಟುಗಳಲ್ಲಿ ಲಿಪಿಯ ರೂಪ, ಪದದ ನಾನಾರ್ಥ, ಧ್ವನಿಸಾಮ್ಯ ಎಂಬ ಮೂರು ಬೇರೆ ಬೇರೆ ಯುಕ್ತಿಗಳು ಕೆಲಸ ಮಾಡುತ್ತವೆ. ಇವುಗಳಲ್ಲಿ ಧ್ವನಿಸಾಮ್ಯವೇ ಕನ್ನಡ ಓದುಗರಿಗೆ ಅತ್ಯಂತ ಅಪರಿಚಿತವಾದುದು. ಏಕೆಂದರೆ ಅದು ಕಿವಿಗೂ ಕಣ್ಣಿಗೂ ನಡುವಿನ ಅಂತರವನ್ನು ಅವಲಂಬಿಸಿದೆ ಮತ್ತು ಕನ್ನಡ ಲಿಪಿಯಲ್ಲಿ ಆ ಅಂತರ ಇಲ್ಲವೆನ್ನುವಷ್ಟು ಕಿರಿದು. ಈ ಲೇಖನದಲ್ಲಿ ಮೂರು ಯುಕ್ತಿಗಳನ್ನೂ ಉದಾಹರಣೆಗಳ ಮೂಲಕ ಬೇರ್ಪಡಿಸಿ, ಅವುಗಳನ್ನು ಗುರುತಿಸುವ ಒಂದು ಪರೀಕ್ಷೆಯನ್ನೂ ವಿವರಿಸುವ ಒಂದು ಕ್ರಮವನ್ನೂ ಸೂಚಿಸಿದ್ದೇವೆ.

1. ಒಗಟಿನ ಅಂಗಗಳು

ಚೀನೀ ಚಾಂದ್ರಮಾನ ವರ್ಷದ ಮೊದಲ ತಿಂಗಳ ಹದಿನೈದನೆಯ ದಿನ, ಅಂದರೆ ವರ್ಷದ ಮೊದಲ ಹುಣ್ಣಿಮೆಯಂದು, ದೀಪಗಳ ಹಬ್ಬ ನಡೆಯುತ್ತದೆ. ಕಾಗದದ ಅಥವಾ ರೇಷ್ಮೆಯ ಗೂಡುದೀಪಗಳಿಗೆ ಒಗಟಿನ ಚೀಟಿಗಳನ್ನು ಅಂಟಿಸುವುದು ಆ ಹಬ್ಬದ ಒಂದು ರೂಢಿ. ಬಿಡಿಸಿದವರು ಚೀಟಿಯನ್ನು ಕಿತ್ತುಕೊಂಡು ಉತ್ತರ ಹೇಳಿ ಬಹುಮಾನ ಪಡೆಯುತ್ತಾರೆ. ಹದಿಮೂರನೆಯ ಶತಮಾನದ ಹಾಂಗ್‌ಝೌ ನಗರದ ಜೀವನವನ್ನು ನೆನಪಿಸಿಕೊಂಡು ಝೌ ಮಿ ಬರೆದ ಗ್ರಂಥದಲ್ಲಿಯೇ ರೇಷ್ಮೆಯ ದೀಪಗಳ ಮೇಲೆ ಗೂಢೋಕ್ತಿಗಳನ್ನು ಬರೆದು ದಾರಿಹೋಕರನ್ನು ಕೆಣಕುತ್ತಿದ್ದುದರ ಉಲ್ಲೇಖವಿದೆ. ಈ ಬಗೆಯ ಒಗಟಿಗೆ ಚೀನೀ ಭಾಷೆಯಲ್ಲಿ ‘ಹುಲಿ’ ಎಂಬ ಅಡ್ಡಹೆಸರೂ, ಬಿಡಿಸುವುದಕ್ಕೆ ‘ಹುಲಿಗೆ ಬಾಣ ಬಿಡುವುದು’ ಎಂಬ ಮಾತೂ ಉಂಟು.

ನಮ್ಮ ಜನಪದ ಒಗಟು ಸಾಮಾನ್ಯವಾಗಿ ಒಂದು ವಸ್ತುವನ್ನು ರೂಪಕದಲ್ಲಿ ವರ್ಣಿಸುತ್ತದೆ. ಉತ್ತರ ತೆಂಗಿನಕಾಯಿಯೋ ದೀಪವೋ ಆಗಿರುತ್ತದೆ. ಗೂಡುದೀಪದ ಒಗಟಿನ ಉತ್ತರ ವಸ್ತುವಲ್ಲ, ಪದ. ಕೇಳುವ ಪ್ರಶ್ನೆ ‘ಇದು ಯಾವ ವಸ್ತು?’ ಎಂದಲ್ಲ, ‘ಯಾವ ಪದವನ್ನು ಬೇರೆ ರೀತಿಯಲ್ಲಿ ಓದಿದರೆ ಈ ಮಾತಿಗೆ ಸರಿಹೊಂದುತ್ತದೆ?’ ಎಂದು. ಹೀಗಾಗಿ ಒಗಟಿಗೆ ಮೂರು ಅಂಗಗಳಿರುತ್ತವೆ. ಬರೆದು ತೋರಿಸುವ ಮಾತು ಅದರ ‘ಮುಖ’. ಉತ್ತರ ಯಾವ ವರ್ಗಕ್ಕೆ ಸೇರಿದೆ ಎಂದು ತಿಳಿಸುವ ಸೂಚನೆ ಅದರ ‘ಗುರಿ’: ಒಂದು ಲಿಪಿಚಿಹ್ನೆ, ಒಂದು ಊರು, ಒಬ್ಬ ಕವಿ, ಹೀಗೆ. ಉತ್ತರ ಅದರ ‘ತಳ’. ಉತ್ತರವನ್ನು ಅದರ ರೂಢಿಯ ಅರ್ಥದಿಂದ ಬಿಡಿಸಿ ಮುಖದ ಮಾತಿಗೆ ಒಗ್ಗುವಂತೆ ಮರಳಿ ಓದುವುದೇ ಒಗಟಿನ ಜೀವಾಳ. ಇದನ್ನು ನಾವು ‘ಮರುಓದು’ ಎಂದು ಕರೆಯುತ್ತೇವೆ. ಮುಖದಲ್ಲಿ ಬಳಸಿದ ಯಾವ ಲಿಪಿಚಿಹ್ನೆಯೂ ಉತ್ತರದಲ್ಲಿ ಬರಕೂಡದು ಎಂಬುದು ಒಗಟು ಕಟ್ಟುವವರ ಮುಖ್ಯ ನಿಯಮ.

2. ರೂಪ ಮತ್ತು ಅರ್ಥ: ಧ್ವನಿಯನ್ನು ಅವಲಂಬಿಸದ ಒಗಟುಗಳು

ಮೊದಲ ಯುಕ್ತಿ ಲಿಪಿಚಿಹ್ನೆಯ ರೂಪವನ್ನು ಆಧರಿಸಿದ್ದು. ಪ್ರಸಿದ್ಧವಾದ ಒಂದು ಒಗಟಿನ ಮುಖ ‘ಒಂದು ಕೂಡಿಸು ಒಂದು, ಆದರೆ ಎರಡಲ್ಲ’ ಎಂದಿದೆ. ಗುರಿ ಒಂದು ಲಿಪಿಚಿಹ್ನೆ. ಚೀನೀ ಬರಹದಲ್ಲಿ ‘ಒಂದು’ ಎಂಬುದು ಒಂದು ಅಡ್ಡಗೆರೆ. ಆ ಅಡ್ಡಗೆರೆಯ ಕೆಳಗೆ ಗಣಿತದ ಸಂಕಲನ ಚಿಹ್ನೆಯನ್ನೂ, ಅದರ ಕೆಳಗೆ ಇನ್ನೊಂದು ಅಡ್ಡಗೆರೆಯನ್ನೂ ಒಂದಕ್ಕೊಂದು ತಾಗುವಂತೆ ಬರೆದರೆ ಮೂರು ಅಡ್ಡಗೆರೆಗಳನ್ನು ನಡುವಿನ ಒಂದು ಲಂಬರೇಖೆ ಜೋಡಿಸಿದ ಆಕೃತಿ ಸಿಗುತ್ತದೆ. ಅದು ‘ವಾಂಗ್’, ಅಂದರೆ ‘ಅರಸ’ ಎಂಬುದರ ಲಿಪಿಚಿಹ್ನೆ. ಇಲ್ಲಿ ‘ವಾಂಗ್’ ಎಂಬ ಉಚ್ಚಾರಣೆಗೆ ಯಾವ ಪಾತ್ರವೂ ಇಲ್ಲ. ‘ಅರಸ’ ಎಂಬ ಅರ್ಥಕ್ಕೂ ಇಲ್ಲ. ನಮ್ಮಲ್ಲಿ ಮಕ್ಕಳು ಕೇಳುವ ‘ಮೂರಕ್ಷರದ ಪದ, ನಡುವಿನ ಅಕ್ಷರ ತೆಗೆದರೆ ಇನ್ನೊಂದು ಪದ’ ಎಂಬ ಬಗೆಯ ಪ್ರಶ್ನೆ ಇದಕ್ಕೆ ತಕ್ಕಮಟ್ಟಿಗೆ ಹತ್ತಿರ.

ಎರಡನೆಯ ಯುಕ್ತಿ ಅರ್ಥವನ್ನು ಆಧರಿಸಿದ್ದು. ‘ಜೋಡಿ ಸಂಭ್ರಮ ಬಾಗಿಲಿಗೆ ಬಂತು’ ಎಂಬುದು ಮುಖ; ಗುರಿ ಒಂದು ನಗರ. ಉತ್ತರ ಚಾಂಗ್‌ಚಿಂಗ್. ಆ ಹೆಸರಿನ ಮೊದಲ ಲಿಪಿಚಿಹ್ನೆಗೆ ‘ಮತ್ತೊಮ್ಮೆ, ಇಮ್ಮಡಿ’ ಎಂಬ ಅರ್ಥವಿದೆ. ಎರಡನೆಯದಕ್ಕೆ ‘ಸಂಭ್ರಮಾಚರಣೆ’ ಎಂಬ ಅರ್ಥ. ನಗರದ ಹೆಸರನ್ನು ಎರಡು ಆಕೃತಿಮಾಗಳಾಗಿ ಬಿಡಿಸಿ ಓದಿದರೆ ಮುಖದ ಮಾತು ಸಿದ್ಧಿಸುತ್ತದೆ.

ಈ ಎರಡನೆಯ ಬಗೆಯನ್ನು ಕನ್ನಡದಲ್ಲಿ ಹೆಚ್ಚು ಕಷ್ಟವಿಲ್ಲದೆ ಕಟ್ಟಬಹುದು. ‘ಗೆಲುವಿನ ಪಟ್ಟಣ’ ಎಂದು ಮುಖವಿಟ್ಟು ‘ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆ’ ಎಂದು ಗುರಿ ಕೊಟ್ಟರೆ ಉತ್ತರ ಜಯನಗರ. ‘ಕಾಡಿನ ಪಾರ್ವತಿ’ ಎಂದರೆ ಬನಶಂಕರಿ. ಹೆಸರು ಬಂದ ಇತಿಹಾಸ ಏನೇ ಇರಲಿ, ಒಗಟಿಗೆ ಬೇಕಾಗುವುದು ಭಾಗಗಳ ಅರ್ಥ ಮಾತ್ರ. ಮುಖದ ಪದ ಉತ್ತರದಲ್ಲಿ ಬರಕೂಡದೆಂಬ ನಿಯಮವನ್ನು ಇಲ್ಲಿ ಪಾಲಿಸಲು ನೆರವಾಗುವುದು ಕನ್ನಡದ ಎರಡು ಪದಸ್ತರಗಳು: ಉತ್ತರದಲ್ಲಿ ಸಂಸ್ಕೃತದ ‘ಜಯ’ ಇದ್ದರೆ ಮುಖದಲ್ಲಿ ದೇಸಿಯಾದ ‘ಗೆಲುವು’ ದೊರೆಯುತ್ತದೆ. ಬಿ.ಟಿ.ಎಂ. ಬಡಾವಣೆಗೆ ಬಂದಾಗ ಮಾತ್ರ ಈ ಯುಕ್ತಿ ನಿಂತುಹೋಗುತ್ತದೆ. ಆ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳು. ಅವುಗಳಿಗೆ ಸ್ವಂತ ಅರ್ಥವಿಲ್ಲ. ‘ಕಮಲ ಸರೋವರ’ ಎಂದು ತಾವರೆಕೆರೆಯನ್ನು ಕೇಳಬಹುದು, ‘ಟಿ’ ಎಂಬುದನ್ನು ಕೇಳಲಾಗದು. ಚೀನೀ ಬರಹದಲ್ಲಿ ಇಂತಹ ಅರ್ಥಶೂನ್ಯ ಘಟಕ ಅಪರೂಪ. ಬಹುಮಟ್ಟಿಗೆ ಪ್ರತಿಯೊಂದು ಲಿಪಿಚಿಹ್ನೆಯೂ ಒಂದು ಉಚ್ಚಾರಾಂಶವಾಗಿರುವಂತೆಯೇ ಒಂದು ಆಕೃತಿಮಾ ಕೂಡ ಆಗಿರುವುದರಿಂದ ಯಾವ ಹೆಸರನ್ನಾದರೂ ಬಿಡಿಸಿ ಓದಲು ಸಾಧ್ಯವಾಗುತ್ತದೆ.

3. ಧ್ವನಿ: ಸೋದರಮಾವನಿಗೆ ಹಿಡಿದ ದೀಪ

ಮೂರನೆಯ ಯುಕ್ತಿಯನ್ನು ವಿವರಿಸಲು ದೀಪವೇ ವಸ್ತುವಾಗಿರುವ ಒಂದು ನಾಣ್ಣುಡಿಯನ್ನು ತೆಗೆದುಕೊಳ್ಳುತ್ತೇವೆ. ಇದು ಗೂಡುದೀಪದ ಒಗಟಲ್ಲ. ಆಡುಮಾತಿನಲ್ಲಿ ಬಳಕೆಯಾಗುವ, ಮೊದಲ ಭಾಗವನ್ನು ಹೇಳಿ ಎರಡನೆಯ ಭಾಗವನ್ನು ಕೇಳುಗರ ಊಹೆಗೆ ಬಿಡುವ ಮಾತಿನ ಬಗೆ. ಆದರೆ ಧ್ವನಿಸಾಮ್ಯದ ಯುಕ್ತಿ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಭಾಗ: ‘ಸೋದರಳಿಯ ಗೂಡುದೀಪ ಹಿಡಿದಿದ್ದಾನೆ’. ಎರಡನೆಯ ಭಾಗ: ‘ಝಾವ್ ಜ್ಯೋ’. ಇದಕ್ಕೆ ‘ಸೋದರಮಾವನಿಗೆ ಬೆಳಕು ತೋರುತ್ತಾನೆ’ ಎಂದೂ ಅರ್ಥ, ‘ಎಲ್ಲವೂ ಮೊದಲಿನಂತೆಯೇ’ ಎಂದೂ ಅರ್ಥ. ಆಡುವವರು ಹೇಳಬಯಸುವುದು ಎರಡನೆಯದನ್ನು.

ಈ ಎರಡು ಉಚ್ಚಾರಾಂಶಗಳಲ್ಲಿ ನಡೆಯುತ್ತಿರುವುದು ಒಂದೇ ಕ್ರಿಯೆಯಲ್ಲ. ‘ಝಾವ್’ ಎಂಬುದಕ್ಕೆ ‘ಬೆಳಗು’ ಎಂಬ ಅರ್ಥವೂ ‘ಅನುಸಾರವಾಗಿ’ ಎಂಬ ಅರ್ಥವೂ ಇದೆ. ಎರಡಕ್ಕೂ ಲಿಪಿಚಿಹ್ನೆ ಒಂದೇ. ಇದು ನಾನಾರ್ಥ. ‘ಜ್ಯೋ’ ಎಂಬಲ್ಲಿ ಹಾಗಲ್ಲ. ‘ತಾಯಿಯ ಸೋದರ’ ಎಂಬ ಪದವೂ ‘ಹಳೆಯದು’ ಎಂಬ ಪದವೂ ಬೇರೆ ಬೇರೆ. ಅವುಗಳ ಲಿಪಿಚಿಹ್ನೆಗಳೂ ಬೇರೆ. ಉಚ್ಚಾರಣೆ ಮಾತ್ರ, ಅದರ ತಾನವೂ ಸೇರಿದಂತೆ, ಒಂದೇ. ತಾನವೆಂದರೆ ಉಚ್ಚಾರಾಂಶದ ಮೇಲಿನ ಕಂಠದ ಏರಿಳಿತ. ಇಲ್ಲಿ ಎರಡೂ ಮ್ಯಾಂಡರಿನ್ನಿನ ನಾಲ್ಕನೆಯ, ಅಂದರೆ ಇಳಿಯುವ ತಾನದವು. ಹೀಗೆ ಎರಡೇ ಉಚ್ಚಾರಾಂಶಗಳ ಮಾತಿನಲ್ಲಿ ಮೊದಲನೆಯದು ಅರ್ಥದಿಂದಲೂ ಎರಡನೆಯದು ಧ್ವನಿಯಿಂದಲೂ ದ್ವಂದ್ವವಾಗಿದೆ. ಅನುವಾದದ ಅಡಿಟಿಪ್ಪಣಿಯಲ್ಲಿ ‘ಇಲ್ಲಿ ಶ್ಲೇಷವಿದೆ’ ಎಂದಷ್ಟೇ ಬರೆದರೆ ಈ ವ್ಯತ್ಯಾಸ ಮರೆಯಾಗುತ್ತದೆ.

ಈ ಧ್ವನಿಸಾಮ್ಯಕ್ಕೆ ಒಂದು ಇತಿಹಾಸವೂ ಇದೆ. 1008ರಲ್ಲಿ ಪೂರ್ಣಗೊಂಡ ‘ಗ್ವಾಂಗ್ ಯುನ್’ ಎಂಬ ಪ್ರಾಸಕೋಶವು ಈ ಎರಡು ಪದಗಳಿಗೆ ಒಂದೇ ಆದಿವ್ಯಂಜನವನ್ನು ಕೊಟ್ಟರೂ ಬೇರೆ ಬೇರೆ ತಾನಗಳಲ್ಲಿ ಇರಿಸುತ್ತದೆ: ‘ಸೋದರಮಾವ’ ಏರುತಾನದ ಪದ, ‘ಹಳೆಯದು’ ನಿರ್ಗಮನ ತಾನದ ಪದ. ಮುಂದೆ ಉತ್ತರ ಚೀನೀ ಉಪಭಾಷೆಗಳಲ್ಲಿ, ಘೋಷ ಸ್ಪರ್ಶವ್ಯಂಜನಗಳಿಂದ ಆರಂಭವಾಗುತ್ತಿದ್ದ ಏರುತಾನದ ಪದಗಳು ನಿರ್ಗಮನ ತಾನದೊಡನೆ ಬೆರೆತುಹೋದವು. 1324ರ ‘ಝೊಂಗ್ ಯ್ವೆನ್ ಯಿನ್ ಯುನ್’ ಎಂಬ ಕೃತಿ ಆ ಬೆರಕೆಯನ್ನು ದಾಖಲಿಸುತ್ತದೆ. ಅಂದರೆ ಮಾವನಿಗೆ ಹಿಡಿದ ದೀಪ ‘ಮೊದಲಿನಂತೆಯೇ’ ಎಂಬ ಅರ್ಥವನ್ನು ಪೂರ್ಣವಾಗಿ ಬೆಳಗಬೇಕಾದರೆ ಈ ಧ್ವನಿಪರಿವರ್ತನೆ ಆಗಿರಲೇಬೇಕು. ಕ್ಯಾಂಟನೀಸಿನಲ್ಲಿ ಈ ಎರಡು ಪದಗಳು ಇಂದಿಗೂ ಬೇರೆ: ಒಂದರ ಆದಿವ್ಯಂಜನ ಮಹಾಪ್ರಾಣ, ಇನ್ನೊಂದರದು ಅಲ್ಪಪ್ರಾಣ, ತಾನವೂ ಬೇರೆ.

ಕನ್ನಡದಲ್ಲಿ ಇದಕ್ಕೆ ಸಮಾನವಾದ ಘಟನೆ ಱಕಾರವು ರಕಾರದೊಡನೆ ಬೆರೆತದ್ದು. ಹಳಗನ್ನಡದಲ್ಲಿ ‘ತಿಳಿ’ ಎಂಬರ್ಥದ ಅಱಿ ಬೇರೆ, ‘ಶತ್ರು’ ಎಂಬರ್ಥದ ಅರಿ ಬೇರೆ. ಇಂದು ಎರಡೂ ‘ಅರಿ’. ಇವೆರಡರ ಮೇಲೆ ಕಟ್ಟಿದ ನಿರ್ದೋಷವಾದ ಶ್ಲೇಷ ಈ ಬೆರಕೆಯ ನಂತರದ್ದೇ ಆಗಿರಬೇಕು. ಆದರೆ ಇಲ್ಲಿಯೇ ಒಂದು ಮುಖ್ಯ ವ್ಯತ್ಯಾಸವೂ ಕಾಣುತ್ತದೆ. ಧ್ವನಿ ಒಂದಾದಾಗ ಕನ್ನಡದ ಬರಹವೂ ಒಂದಾಯಿತು. ಱ ಎಂಬ ಲಿಪಿ ಬಳಕೆ ತಪ್ಪಿತು. ಚೀನೀ ಬರಹದಲ್ಲಿ ಧ್ವನಿ ಒಂದಾದ ಮೇಲೂ ಎರಡು ಲಿಪಿಚಿಹ್ನೆಗಳು ಹಾಗೆಯೇ ಉಳಿದವು.

4. ಬಿಳಿತಲೆ: ಧ್ವನಿಸಾಮ್ಯಕ್ಕೆ ಕೊಟ್ಟ ಪರವಾನಗಿ

ಮ್ಯಾಂಡರಿನ್ನಿನಲ್ಲಿ ತಾನವನ್ನು ಬಿಟ್ಟು ಎಣಿಸಿದರೆ ಉಚ್ಚಾರಾಂಶಗಳು ಸುಮಾರು 400. ತಾನಗಳನ್ನು ಸೇರಿಸಿದರೂ ಸುಮಾರು 1300. ಬಳಕೆಯಲ್ಲಿರುವ ಸಾವಿರಾರು ಲಿಪಿಚಿಹ್ನೆಗಳು ಇಷ್ಟರಲ್ಲಿಯೇ ಹಂಚಿಹೋಗಿವೆ. ಆದ್ದರಿಂದ ಯಾವ ಉತ್ತರಕ್ಕಾದರೂ ಧ್ವನಿಸಾಮ್ಯದಿಂದ ಇನ್ನೊಂದು ಅರ್ಥ ಹಚ್ಚುವುದು ಬಹಳ ಸುಲಭ. ಸುಲಭವಾದುದರಿಂದಲೇ ಒಗಟಿನ ಪರಂಪರೆ ಅದನ್ನು ಸಲೀಸಾಗಿ ಬಿಟ್ಟುಕೊಟ್ಟಿಲ್ಲ. ಧ್ವನಿಸಾಮ್ಯವನ್ನು ಬಳಸುವುದಾದರೆ ಅದು ಉತ್ತರದ ಯಾವ ಸ್ಥಾನದಲ್ಲಿದೆ ಎಂಬುದನ್ನು ಗುರಿಯ ಜೊತೆಯಲ್ಲಿಯೇ ಘೋಷಿಸಬೇಕು. ಈ ಘೋಷಣೆಗಳಿಗೆ ಹೆಸರುಗಳಿವೆ. ಮೊದಲ ಲಿಪಿಚಿಹ್ನೆಯನ್ನು ಮಾತ್ರ ಸಮಧ್ವನಿಯಿಂದ ಓದಬೇಕಾದರೆ ‘ಬಿಳಿತಲೆ’. ಕೊನೆಯದನ್ನಾದರೆ ‘ಬಿಳಿ ಅಟ್ಟೆ’, ಅಂದರೆ ಪಾದರಕ್ಷೆಯ ಬಿಳಿಯ ತಳ. ಬೆಸಸಂಖ್ಯೆಯ ಉತ್ತರದ ನಡುವಿನದನ್ನಾದರೆ ‘ಪಚ್ಚೆಗಲ್ಲಿನ ನಡುಪಟ್ಟಿ’. ಎಲ್ಲವನ್ನೂ ಓದಬೇಕಾದರೆ ‘ಪೇರುಹೂ’.

ಈ ಹೆಸರುಗಳಲ್ಲಿ ಬಿಳಿಯ ಬಣ್ಣ ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ. ಒಂದು ಪದದ ಬದಲು ಅದೇ ಉಚ್ಚಾರಣೆಯ ಇನ್ನೊಂದು ಪದದ ಲಿಪಿಚಿಹ್ನೆಯನ್ನು ತಪ್ಪಾಗಿ ಬರೆದರೆ ಚೀನೀ ಭಾಷೆಯಲ್ಲಿ ಅದನ್ನು ‘ಬಿಳಿ ಅಕ್ಷರ’ ಎನ್ನುತ್ತಾರೆ. ಶಾಲೆಯ ಮಕ್ಕಳ ಆ ತಪ್ಪನ್ನೇ ಒಗಟು ಕಟ್ಟುವವರು ಯುಕ್ತಿಯನ್ನಾಗಿ ಮಾಡಿಕೊಂಡು, ತಪ್ಪು ಎಲ್ಲಿದೆಯೋ ಅಲ್ಲಿ ಬಿಳಿಯ ಗುರುತು ಹಾಕಿದರು.

ಒಂದು ಉದಾಹರಣೆಯನ್ನು ಪೂರ್ಣವಾಗಿ ಬಿಡಿಸಿ ನೋಡಬಹುದು. ಇದನ್ನು ಈ ವಿವರಣೆಗಾಗಿ ನಾವೇ ಕಟ್ಟಿದ್ದೇವೆ. ಮುಖ: ‘ತೆಂಗಿನಕಾಯಿ’. ಗುರಿ: ಥಾಂಗ್ ಕಾಲದ ಒಬ್ಬ ಕವಿ, ಬಿಳಿತಲೆ. ಉತ್ತರ: ಲಿ ಬಾಯ್. ಕವಿಯ ಹೆಸರಿನ ಮೊದಲ ಲಿಪಿಚಿಹ್ನೆ ಒಂದು ಮನೆತನದ ಹೆಸರು. ‘ಪ್ಲಮ್ ಹಣ್ಣು’ ಎಂಬುದು ಅದರ ಮೂಲಾರ್ಥ. ಅದರದೇ ಧ್ವನಿಯ, ಅದರದೇ ಮೂರನೆಯ ತಾನದ ಇನ್ನೊಂದು ಪದಕ್ಕೆ ‘ಒಳಗೆ’ ಎಂಬ ಅರ್ಥವಿದೆ. ಎರಡನೆಯ ಲಿಪಿಚಿಹ್ನೆ ‘ಬಾಯ್’ ಎಂದರೆ ‘ಬಿಳಿ’. ಇದನ್ನು ಇದ್ದಂತೆಯೇ ಓದಬೇಕು. ಮರುಓದು ‘ಒಳಗೆ ಬಿಳಿ’ ಎಂದಾಗುತ್ತದೆ. ತೆಂಗಿನಕಾಯಿ ಹಾಗೆಯೇ ಇದೆ.

ಬಿಳಿತಲೆ ಎಂಬ ಘೋಷಣೆ ಇಲ್ಲಿ ಅಲಂಕಾರವಲ್ಲ. ಅದು ಬೇರೆ ಉತ್ತರಗಳನ್ನು ತಡೆಯುತ್ತದೆ. ಬಿಳಿಯ ತಿರುಳನ್ನು ನೆನೆದ ಓದುಗರು ಥಾಂಗ್ ಕಾಲದ ಇನ್ನೊಬ್ಬ ದೊಡ್ಡ ಕವಿ ಬಾಯ್ ಜ್ಯು-ಯಿಯ ಹೆಸರನ್ನು ಹೇಳಬಹುದು. ಆ ಹೆಸರಿನಲ್ಲಿಯೂ ‘ಬಿಳಿ’ ಎಂಬ ಅದೇ ಲಿಪಿಚಿಹ್ನೆ ಇದೆ. ಆದರೆ ಅದು ಮೊದಲ ಸ್ಥಾನದಲ್ಲಿದೆ. ಬಿಳಿತಲೆಯ ನಿಯಮದಂತೆ ಮೊದಲನೆಯದನ್ನೇ ಬೇರೆ ಪದವಾಗಿ ಓದಬೇಕಾದ್ದರಿಂದ ‘ಬಿಳಿ’ ಎಂಬ ಅರ್ಥ ಅಲ್ಲಿ ಉಳಿಯುವುದೇ ಇಲ್ಲ. ಮುಖವನ್ನು ‘ಬಿಳಿಯ ತಿರುಳಿನ ಕಾಯಿ’ ಎಂದು ಬರೆದಿದ್ದರೂ ಒಗಟು ಕೆಡುತ್ತಿತ್ತು. ಉತ್ತರದಲ್ಲಿರುವ ‘ಬಿಳಿ’ ಎಂಬ ಲಿಪಿಚಿಹ್ನೆ ಮುಖದಲ್ಲಿಯೇ ಬಯಲಾಗಿರುತ್ತಿತ್ತು.

ಕನ್ನಡ ಓದುಗರು ಎಡವುವ ಸ್ಥಳವೂ ಇದೇ. ಕನ್ನಡ ಲಿಪ್ಯಂತರದಲ್ಲಿ ತಾನ ಬರುವುದಿಲ್ಲ. ‘ನಿಲ್ಲು’ ಎಂಬರ್ಥದ ಪದವೂ, ‘ಬಲ’ ಎಂಬರ್ಥದ ಪದವೂ, ‘ಒಳಗೆ’ ಎಂಬರ್ಥದ ಪದವೂ ನಮ್ಮ ಬರಹದಲ್ಲಿ ‘ಲಿ’ ಎಂದೇ ಕಾಣುತ್ತವೆ. ಮೊದಲೆರಡು ನಾಲ್ಕನೆಯ ತಾನದವು, ಮೂರನೆಯದು ಮೂರನೆಯ ತಾನದ್ದು. ಬಿಗಿಯಾದ ಒಗಟಿನಲ್ಲಿ ತಾನವೂ ಹೊಂದಬೇಕು. ಹೀಗೆ ಲಿಪ್ಯಂತರವು ಇಲ್ಲದ ಸಮಧ್ವನಿಗಳನ್ನು ಸೃಷ್ಟಿಸಿಬಿಡುತ್ತದೆ; ಆದ್ದರಿಂದ ವಿವರಣೆಯಲ್ಲಿ ತಾನವನ್ನು ಮಾತಿನಲ್ಲಾದರೂ ಹೇಳಲೇಬೇಕು.

5. ಕನ್ನಡದ ಶ್ಲೇಷ ಎಲ್ಲಿ ಬೇರೆ

ನಮ್ಮ ಅಲಂಕಾರಶಾಸ್ತ್ರದ ‘ಶ್ಲೇಷ’ ಎಂಬ ಪದದಿಂದ ಈ ಎಲ್ಲವನ್ನೂ ಕರೆಯುವುದು ಸಹಜವೆನಿಸಬಹುದು. ಆದರೆ ಶ್ಲೇಷದ ಎರಡು ಬಗೆಗಳೂ ಬರಹದಲ್ಲಿ ಅಭಿನ್ನ. ಅಭಂಗಶ್ಲೇಷದಲ್ಲಿ ‘ನೆರೆ’ ಎಂಬುದು ಪ್ರವಾಹವೂ ಹೌದು, ಪಕ್ಕವೂ ಹೌದು. ಬರೆಯುವ ರೀತಿ ಒಂದೇ. ಸಭಂಗಶ್ಲೇಷದಲ್ಲಿ ಪದವನ್ನು ಒಡೆಯುವ ಸ್ಥಳ ಬದಲಾಗುತ್ತದೆ, ಅಕ್ಷರಗಳು ಬದಲಾಗುವುದಿಲ್ಲ. ಅವಧಾನದ ದತ್ತಪದಿಯಲ್ಲಿ ಪರಭಾಷೆಯ ಪದಗಳನ್ನು ಕನ್ನಡ ಪದ್ಯದೊಳಗೆ ಅಡಗಿಸಬೇಕಾದಾಗ ನೆರವಿಗೆ ಬರುವುದು ಈ ಒಡೆಯುವಿಕೆಯೇ. ‘ಪೆನ್ನು’ ಎಂಬುದನ್ನು ಕೊಟ್ಟರೆ ‘ತಪ್ಪೆನ್ನುವೆ’ ಎಂಬಲ್ಲಿ, ತಪ್ಪು ಮತ್ತು ಎನ್ನುವೆ ಎಂಬುವುಗಳ ಸಂಧಿಯಲ್ಲಿ, ಅದು ಅಡಗಿ ಕೂರುತ್ತದೆ. ದಂಡಿಯು ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹೇಳುವ ಹದಿನಾರು ಪ್ರಹೇಳಿಕೆಗಳಲ್ಲಿ ‘ಸಮಾಗತಾ’ ಎಂಬುದು ಸಂಧಿಯಿಂದ ಅರ್ಥ ಮರೆಯಾಗುವಂಥದ್ದು. ‘ವಂಚಿತಾ’ ಎಂಬುದು ರೂಢಿಯ ಅರ್ಥದಿಂದ ಓದುಗರನ್ನು ದಾರಿತಪ್ಪಿಸುವಂಥದ್ದು. ಚೀನೀ ಒಗಟಿನ ನಾನಾರ್ಥದ ಯುಕ್ತಿಗೆ ವಂಚಿತಾ ಸಾಕಷ್ಟು ಹತ್ತಿರವಿದೆ. ಸಮಾಗತಾ ಮಾತ್ರ ಅಲ್ಲಿ ಹೊಂದುವುದು ಕಷ್ಟ. ಉಚ್ಚಾರಾಂಶಗಳ ಗಡಿಯನ್ನು ಲಿಪಿಯೇ ಕಾಯುತ್ತಿರುವಾಗ ಅದನ್ನು ಜರುಗಿಸಲಾಗದು.

ಬಿಳಿ ಅಕ್ಷರದ ಅನುಭವವನ್ನು ಕನ್ನಡದಲ್ಲಿ ತೋರಿಸಬೇಕಾದರೆ ಶಾಸ್ತ್ರಕ್ಕಿಂತ ಆಡುಮಾತು ಹೆಚ್ಚು ನೆರವಾಗುತ್ತದೆ. ಹಳೆಯ ಮೈಸೂರು ಸೀಮೆಯ ಹಲವರ ಮಾತಿನಲ್ಲಿ ಪದದ ಆದಿಯ ಹಕಾರ ಬಿದ್ದುಹೋಗುತ್ತದೆ. ‘ಹಕ್ಕಿ’ಯೂ ‘ಅಕ್ಕಿ’ಯೂ ಕಿವಿಗೆ ಒಂದಾಗುತ್ತವೆ, ಬರಹದಲ್ಲಿ ಬೇರೆಯಾಗಿಯೇ ಉಳಿಯುತ್ತವೆ. ಈ ಕಿರಿದಾದ ಅಂತರದಲ್ಲಿ ಒಂದು ಬಿಳಿತಲೆಯ ಒಗಟನ್ನು ಕಟ್ಟಬಹುದು. ಮುಖ: ‘ಹೊಟ್ಟು ಕಳೆದ ಭತ್ತ’. ಗುರಿ: ಒಂದು ಜೀವಿ, ಬಿಳಿತಲೆ. ಉತ್ತರ: ಹಕ್ಕಿ. ಉತ್ತರದ ಅಕ್ಷರವನ್ನು ಕಣ್ಣು ಹಕಾರವಾಗಿ ಕಾಣುತ್ತಿರುವಾಗಲೇ ಕಿವಿ ಅದನ್ನು ಅಕಾರವಾಗಿ ಕೇಳಬೇಕು. ಚೀನೀ ಓದುಗರಿಗೆ ಪ್ರತಿಯೊಂದು ಉಚ್ಚಾರಾಂಶದಲ್ಲಿಯೂ ದೊರೆಯುವ ಈ ಅವಕಾಶ ನಮಗೆ ಒಂದು ಉಪಭಾಷೆಯ ಒಂದು ವ್ಯಂಜನದಲ್ಲಿ ಮಾತ್ರ ದೊರೆಯುತ್ತದೆ. ಹಕಾರವನ್ನು ಬಿಡದ ಧಾರವಾಡದ ಓದುಗರಿಗೆ ಈ ಒಗಟು ಸಪ್ಪೆಯೆನಿಸಿದರೆ, ಸೋದರಮಾವನ ದೀಪ ಕ್ಯಾಂಟನೀಸಿನಲ್ಲಿ ಏಕೆ ಮಂಕಾಗುತ್ತದೆ ಎಂಬುದೂ ಅವರಿಗೆ ತಿಳಿದಂತೆಯೇ.

6. ಗುರುತಿಸುವ ಪರೀಕ್ಷೆ ಮತ್ತು ವಿವರಣೆಯ ಕ್ರಮ

ಒಂದು ಒಗಟಿನಲ್ಲಿ ಯಾವ ಯುಕ್ತಿಯಿದೆ ಎಂದು ತಿಳಿಯಲು ಅದನ್ನು ಇನ್ನೊಂದು ಚೀನೀ ಉಪಭಾಷೆಯ ಉಚ್ಚಾರಣೆಯಲ್ಲಿ ಓದಿ ನೋಡಬಹುದು. ‘ಅರಸ’ನ ಒಗಟಿಗೂ ಚಾಂಗ್‌ಚಿಂಗ್‌ನ ಒಗಟಿಗೂ ಕ್ಯಾಂಟನೀಸಿನಲ್ಲಿ ಯಾವ ಕುಂದೂ ಆಗುವುದಿಲ್ಲ. ಮಾವನ ದೀಪದ ಮಾತಿಗೆ ಕುಂದಾಗುತ್ತದೆ. ಉಚ್ಚಾರಣೆ ಬದಲಾದಾಗ ಕೆಡುವುದು ಧ್ವನಿಸಾಮ್ಯ ಮಾತ್ರ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ: ದಕ್ಷಿಣ ಮಿನ್ ಉಪಭಾಷೆಯಲ್ಲಿ ‘ದೀಪ’ ಮತ್ತು ‘ಮನೆಯ ಗಂಡಾಳು’ ಎಂಬ ಪದಗಳೆರಡೂ ‘ತಿಂಗ್’ ಎಂದೇ ಉಚ್ಚಾರವಾಗುವುದರಿಂದ ಹಬ್ಬದಲ್ಲಿ ದೀಪ ಸೇರಿಸುವುದೆಂದರೆ ಗಂಡುಮಗುವನ್ನು ಹಾರೈಸುವುದು, ಮ್ಯಾಂಡರಿನ್ನಿನಲ್ಲಿ ಅವೆರಡೂ ಬೇರೆ ಧ್ವನಿಗಳು.

ಈ ಪರೀಕ್ಷೆಗೆ ಒಂದು ಮಿತಿಯುಂಟು. ಇನ್ನೊಂದು ಉಪಭಾಷೆಯಲ್ಲಿ ಒಗಟು ಕೆಟ್ಟರೆ ಅಲ್ಲಿ ಧ್ವನಿಸಾಮ್ಯವಿತ್ತೆಂದು ಖಚಿತವಾಗಿ ಹೇಳಬಹುದು. ಕೆಡದಿದ್ದರೆ ಇರಲಿಲ್ಲವೆಂದು ಹೇಳಲಾಗದು. ನಮ್ಮ ತೆಂಗಿನಕಾಯಿಯ ಒಗಟು ಕ್ಯಾಂಟನೀಸಿನಲ್ಲಿಯೂ ನಿಲ್ಲುತ್ತದೆ, ಏಕೆಂದರೆ ‘ಪ್ಲಮ್’ ಮತ್ತು ‘ಒಳಗೆ’ ಎಂಬ ಪದಗಳು ‘ಗ್ವಾಂಗ್ ಯುನ್’ ಕೋಶದಲ್ಲಿಯೇ ಸಮಧ್ವನಿಗಳು. ಆ ಹಳೆಯ ಸಾಮ್ಯ ಎರಡೂ ಉಪಭಾಷೆಗಳಿಗೆ ಹರಿದುಬಂದಿದೆ. ಆಗ ಎರಡನೆಯ ಪ್ರಶ್ನೆ ಕೇಳಬೇಕು: ಮರುಓದಿಗೆ ಬೇರೆ ಲಿಪಿಚಿಹ್ನೆ ಬೇಕಾಯಿತೆ? ಬೇಕಾದರೆ ಧ್ವನಿಸಾಮ್ಯ, ಅದೇ ಚಿಹ್ನೆ ಸಾಕಾದರೆ ನಾನಾರ್ಥ, ಚಿಹ್ನೆಯನ್ನೇ ಕಟ್ಟಿದ್ದರೆ ಅಥವಾ ಒಡೆದಿದ್ದರೆ ರೂಪ.

ಅನ್ಯಭಾಷಿಕರಿಗೆ ಬರೆಯುವ ವಿವರಣೆಯಲ್ಲಿ ನಾಲ್ಕು ಸಾಲುಗಳು ಇದೇ ಕ್ರಮದಲ್ಲಿ ಇರಬೇಕೆಂಬುದು ನಮ್ಮ ಸೂಚನೆ. ಮೊದಲು ಮುಖದ ಅಕ್ಷರಶಃ ಅನುವಾದ. ನಂತರ ಗುರಿ, ಬಿಳಿತಲೆಯಂತಹ ಘೋಷಣೆಯಿದ್ದರೆ ಅದರೊಡನೆ. ಮೂರನೆಯದಾಗಿ ಉತ್ತರ, ಅದರ ರೂಢಿಯ ಅರ್ಥದಲ್ಲಿ. ಕೊನೆಗೆ ಮರುಓದು, ಪ್ರತಿಯೊಂದು ಉಚ್ಚಾರಾಂಶದ ಮುಂದೆ ಅದು ರೂಪದಿಂದ ಬಂದದ್ದೋ ಅರ್ಥದಿಂದಲೋ ಧ್ವನಿಯಿಂದಲೋ ಎಂಬ ಗುರುತು, ಧ್ವನಿಯಿಂದಾದರೆ ತಾನ. ಮೂರನೆಯ ಸಾಲನ್ನು ಬಿಟ್ಟು ಮರುಓದಿಗೆ ಹಾರುವುದು ವಿವರಣೆಗಳಲ್ಲಿ ಸುಲಭವಾಗಿ ನುಸುಳುವ ದೋಷ. ಲಿ ಬಾಯ್ ಒಬ್ಬ ಕವಿಯೆಂಬುದು ಮೊದಲು ಮನಸ್ಸಿನಲ್ಲಿ ನೆಲೆಯಾಗದಿದ್ದರೆ, ಅವನ ಹೆಸರು ತೆಂಗಿನಕಾಯಿಯ ಒಳಗಾಗುವುದರಲ್ಲಿ ಓದುಗರಿಗೆ ಬಿಡಿಸುವಂಥದ್ದು ಏನೂ ಉಳಿಯುವುದಿಲ್ಲ.